ಸೆನುವಾಳ ಮಾತಿಗೆ ಮೈ ಬೇಕಿತ್ತು, ಅವಳ ತಲೆಯೊಳಗಿನ ದನಿಗಳಿಗೆ ಬೇಕಿರಲಿಲ್ಲ

2017ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ‘ಹೆಲ್‌ಬ್ಲೇಡ್: ಸೆನುವಾಸ್ ಸ್ಯಾಕ್ರಿಫೈಸ್’ ಗೇಮನ್ನು ಹೆಡ್‌ಫೋನ್ ಹಾಕಿಕೊಂಡು ಆಡಿದರೆ ಎರಡು ಥರದ ದನಿಗಳು ಕೇಳಿಸುತ್ತವೆ. ಒಂದು ಸೆನುವಾಳದ್ದೇ. ಅವಳು ಮಾತಾಡಿದಾಗ ಆ ಮಾತು ಅವಳ ಎದೆಯಿಂದಲೇ ಎದ್ದು ಬಂದಂತಿರುತ್ತದೆ, ಉಸಿರು ಸಿಕ್ಕಿಕೊಂಡ ಕಡೆ ಭುಜವೂ ತಡೆಯುತ್ತದೆ, ಕೂಗಿದ ಕಡೆ ಕುತ್ತಿಗೆಯೂ ಬಿಗಿಯುತ್ತದೆ. ಇನ್ನೊಂದು, ಅವಳ ಕಿವಿಯ ಹಿಂದೆ ಮುಂದೆ ಪಿಸುಗುಡುವ ದನಿಗಳು. ಅವಕ್ಕೆ ಮುಖವೂ ಇಲ್ಲ, ಮೈಯೂ ಇಲ್ಲ. ಆದರೂ ಪಕ್ಕದಲ್ಲೇ ಯಾರೋ ಓಡಾಡುತ್ತಿದ್ದಾರೆ ಅಂತ ತಿರುಗಿ ನೋಡಬೇಕು ಅನಿಸುತ್ತದೆ.

ಈ ಎರಡನ್ನೂ ರೆಕಾರ್ಡ್ ಮಾಡಿದ್ದು ಪೂರ್ತಿ ಬೇರೆ ಬೇರೆ ರೀತಿಯಲ್ಲಿ. ಸೆನುವಾಳ ಮೈ, ಮುಖ, ದನಿ ಮೂರನ್ನೂ ಒಬ್ಬರೇ ನಟಿಯಿಂದ ಒಟ್ಟಿಗೆ ಹಿಡಿದರು. ಪಿಸುಮಾತಿನ ದನಿಗಳನ್ನು, ನಟರ ಮೈಯ ಚಲನೆ ಹಿಡಿಯುವ ಮೋಷನ್ ಕ್ಯಾಪ್ಚರ್‌ನ ಹತ್ತಿರಕ್ಕೂ ತರದೆ, ಬೇರೆ ಕಲಾವಿದರಿಂದ, ಬೇರೆಯದೇ ಮೈಕ್‌ನಲ್ಲಿ ಹಿಡಿದರು. ನನಗೆ ಈ ಗೇಮ್‌ನಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸುವ ತೀರ್ಮಾನ ಇದೇ. ಯಾವ ದನಿಯನ್ನು ಮೈಗೆ ಕಟ್ಟಬೇಕು, ಯಾವುದನ್ನು ಬಿಡಿಸಬೇಕು ಅನ್ನುವುದನ್ನು ಶುರುವಿನಲ್ಲೇ ಸರಿಯಾಗಿ ಆರಿಸಿಕೊಂಡಿದ್ದಕ್ಕೆ ಸುಮಾರು 20 ಜನರ ತಂಡ ಈ ಪಾತ್ರವನ್ನು ಕಟ್ಟಲು ಆಯಿತು.

ಹಿನ್ನೆಲೆ

ಗೇಮ್ ಮಾಡಿದ್ದು ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿರುವ ನಿಂಜಾ ಥಿಯರಿ. ಅವರಿಗೆ ಇದು ಹೊಸ ಕೆಲಸವೇನಲ್ಲ. 2007ರ ‘ಹೆವೆನ್ಲಿ ಸ್ವೋರ್ಡ್’ಗೆ ಅವರು ನಟ ಆಂಡಿ ಸರ್ಕಿಸ್ ಜೊತೆ ನ್ಯೂಜಿಲೆಂಡಿನ ವೆಟಾ ಸ್ಟುಡಿಯೋದಲ್ಲಿ ನಟನೆ ಹಿಡಿದಿದ್ದರು. ಅಲ್ಲಿ ದೊಡ್ಡ ಸ್ಟುಡಿಯೋ, ದೊಡ್ಡ ಸಿಬ್ಬಂದಿ, ದೊಡ್ಡ ಖರ್ಚು. ಹೆಲ್‌ಬ್ಲೇಡ್‌ಗೆ ಹಿಂದೆ ನಿಲ್ಲುವ ದೊಡ್ಡ ಪ್ರಕಾಶಕರಿರಲಿಲ್ಲ. ಹಾಗಾಗಿ ತಮ್ಮ ಕಚೇರಿಯ ಮೀಟಿಂಗ್ ರೂಮನ್ನೇ ಕ್ಯಾಪ್ಚರ್ ಜಾಗ ಮಾಡಿಕೊಂಡರು.

ಸೆನುವಾ ಸೈಕೋಸಿಸ್ ಇರುವ ಯೋಧೆ. ಇಲ್ಲದ್ದನ್ನು ಕಾಣುತ್ತಾಳೆ, ಇಲ್ಲದ ದನಿಗಳನ್ನು ಕೇಳುತ್ತಾಳೆ. ಈ ಭಾಗವನ್ನು ತಪ್ಪಾಗಿ ತೋರಿಸಬಾರದು ಅಂತ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಮನೋವೈದ್ಯ ಪಾಲ್ ಫ್ಲೆಚರ್ ಅವರ ಸಲಹೆ ತೆಗೆದುಕೊಂಡರು, ಸೈಕೋಸಿಸ್ ಅನುಭವಿಸಿದವರ ಜೊತೆ ಕೂತು ಮಾತಾಡಿದರು. ಬ್ರಿಟನ್ನಿನ ದತ್ತಿ ಸಂಸ್ಥೆ ವೆಲ್‌ಕಮ್ ಟ್ರಸ್ಟ್ ಹಣದ ನೆರವು ಕೊಟ್ಟಿತು. ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣ ಇದೆ. ದನಿಗಳು ಹೇಗಿರಬೇಕು, ಎಲ್ಲಿಂದ ಬರಬೇಕು ಅನ್ನುವ ತೀರ್ಮಾನಕ್ಕೆ ಈ ಮಾತುಕತೆಗಳೇ ಅಡಿಪಾಯ.

ಸೆನುವಾ ಆದವರು ಮೆಲಿನಾ ಯುರ್ಗೆನ್ಸ್. ಅವರು ಆಗ ಆ ಕಂಪನಿಯಲ್ಲಿ ವಿಡಿಯೋ ಎಡಿಟರ್ ಆಗಿದ್ದರು. ನಟನೆಯ ಅನುಭವ ಇರಲಿಲ್ಲ, ಕ್ಯಾಮೆರಾ ಮುಂದೆ ಬರಲು ಸಂಕೋಚ ಬೇರೆ. ಉಪಕರಣಗಳನ್ನು ಪರೀಕ್ಷೆ ಮಾಡಲು ಯಾರಾದರೂ ಸೂಟ್ ಹಾಕಿಕೊಂಡು ನಿಲ್ಲಬೇಕಲ್ವಾ, ಅದಕ್ಕೆ ಇವರನ್ನು ನಿಲ್ಲಿಸಿದರು, ಆಮೇಲೆ ವೃತ್ತಿಪರ ನಟಿಯನ್ನು ಕರೆಸುವ ಯೋಚನೆ ಇತ್ತು. ಪರೀಕ್ಷೆಯ ಟೇಕ್‌ಗಳನ್ನು ನೋಡುತ್ತ ನೋಡುತ್ತ ನಿರ್ದೇಶಕ ತಮೀಮ್ ಆಂಟೋನಿಯಾಡಿಸ್ ಅವರಿಗೆ ಪಾತ್ರಕ್ಕೆ ಇವರೇ ಸರಿ ಅನಿಸಿತು. 2018ರಲ್ಲಿ ಈ ಪಾತ್ರಕ್ಕೆ ಅವರಿಗೆ ಬಾಫ್ಟಾ ಗೇಮ್ಸ್‌ನ ನಟನೆಯ ಪ್ರಶಸ್ತಿ ಬಂತು.

ನಟಿ ಕಚೇರಿಯಲ್ಲೇ ಇದ್ದಾರೆ, ಕ್ಯಾಪ್ಚರ್ ಜಾಗ ಪಕ್ಕದ ಕೋಣೆಯಲ್ಲೇ ಇದೆ. ಇದರ ಲಾಭ ಹೊರಗಿನವರಿಗೆ ಸುಲಭಕ್ಕೆ ಕಾಣಿಸುವುದಿಲ್ಲ. ಬಾಡಿಗೆ ಸ್ಟುಡಿಯೋದಲ್ಲಿ ಒಂದು ದೃಶ್ಯ ಸರಿ ಬರಲಿಲ್ಲ ಅಂದರೆ ಮತ್ತೆ ನಟರ ದಿನಾಂಕ, ಮತ್ತೆ ಬಾಡಿಗೆ, ಮತ್ತೆ ಎಲ್ಲ ಜೋಡಣೆ. ಆಗ ಎಷ್ಟೋ ತಂಡಗಳು ದನಿಯನ್ನು ಮಾತ್ರ ಮತ್ತೆ ರೆಕಾರ್ಡ್ ಮಾಡಿ, ಹಳೆಯ ಚಲನೆಯ ಮೇಲೆ ಅಂಟಿಸಿ ಮುಂದೆ ಹೋಗುತ್ತವೆ. ಪಾತ್ರ ಬಿರುಕು ಬಿಡುವುದು ಅಲ್ಲಿಂದಲೇ. ನಟಿ ಪಕ್ಕದಲ್ಲೇ ಇದ್ದರೆ ಇಡೀ ಟೇಕನ್ನೇ ಮತ್ತೆ ಮಾಡಬಹುದು.

ಬೇರೆ ಬೇರೆ ಹಿಡಿದರೆ ಏನಾಗುತ್ತದೆ

ಮೈ, ಮುಖ, ದನಿ ಒಟ್ಟಿಗೇ ಯಾಕೆ ಬೇಕು ಅನ್ನುವುದಕ್ಕೆ 2011ರ ಪತ್ತೇದಾರಿ ಗೇಮ್ ‘ಎಲ್.ಎ. ನುವಾರ್’ ಒಳ್ಳೆಯ ಹೋಲಿಕೆ. ಅದರಲ್ಲಿ ನಟರನ್ನು ಕುರ್ಚಿಯ ಮೇಲೆ ಕೂರಿಸಿ, ಸುತ್ತ 32 ಕ್ಯಾಮೆರಾ ಇಟ್ಟು, ತಲೆಯನ್ನೂ ಮಾತನ್ನೂ ಒಟ್ಟಿಗೆ ಹಿಡಿದರು. ಮುಖಗಳು ಆ ಕಾಲಕ್ಕೆ ಬೆರಗಾಗುವಷ್ಟು ಜೀವಂತ. ಸುಳ್ಳು ಹೇಳುವವನ ಕಣ್ಣು ಹೊರಳುವುದೂ ಕಾಣುತ್ತದೆ, ಆಟವೇ ಅದರ ಮೇಲೆ ನಿಂತಿದೆ. ಮೈಯ ಚಲನೆಯನ್ನು ಮಾತ್ರ ಬೇರೆ ದಿನ, ಬೇರೆ ಕಡೆ ಹಿಡಿದು ಆಮೇಲೆ ತಲೆಯನ್ನು ಅದಕ್ಕೆ ಕೂಡಿಸಿದರು.

ಆ ಗೇಮನ್ನು ನೋಡುವಾಗ ಮುಖದ ಮೇಲೇ ಗಮನ ಇದ್ದರೆ ಏನೂ ತೊಂದರೆ ಅನಿಸುವುದಿಲ್ಲ. ಕುತ್ತಿಗೆಯನ್ನು ನೋಡಿ. ಮುಖ ರೇಗಿ ಮಾತಾಡುತ್ತಿರುತ್ತದೆ, ಭುಜ ತಣ್ಣಗಿರುತ್ತದೆ. ಮಾತಿನ ಒತ್ತು ಬಿದ್ದ ಪದದಲ್ಲಿ ಕೈ ಏಳುವುದು ಒಂದು ಕ್ಷಣ ಮೊದಲೋ ಆಮೇಲೋ ಆಗಿಬಿಡುತ್ತದೆ. ಇದರಲ್ಲಿ ತಂತ್ರಜ್ಞಾನದ ತಪ್ಪು ಕಡಿಮೆ. ಮನುಷ್ಯ ಮಾತಾಡುವಾಗ ಮೊದಲು ಎದೆ ಉಸಿರು ತುಂಬಿಕೊಳ್ಳುತ್ತದೆ, ಭುಜ ಸ್ವಲ್ಪ ಮೇಲೇಳುತ್ತದೆ, ಆಮೇಲೆ ದನಿ ಹೊರಡುತ್ತದೆ, ಕೈ ಆ ಒತ್ತಿನ ಜೊತೆಗೇ ಇಳಿಯುತ್ತದೆ. ಎರಡು ದಿನ ಎರಡು ಸಲ ಮಾಡಿದ ನಟನೆಯಲ್ಲಿ ಈ ಸರಣಿ ಒಂದೇ ಥರ ಬರುವುದೇ ಇಲ್ಲ, ಎಷ್ಟೇ ಒಳ್ಳೆ ನಟರಾಗಿರಲಿ.

ದನಿಯ ಎತ್ತರವೂ ಹಾಗೇ. ರೆಕಾರ್ಡಿಂಗ್ ಬೂತ್‌ನಲ್ಲಿ ಮೈಕ್ ಬಾಯಿಂದ ಒಂದು ಗೇಣು ದೂರದಲ್ಲಿರುತ್ತದೆ. ಹತ್ತು ಮೀಟರ್ ಆಚೆ ನಿಂತವನಿಗೆ ಹೇಳುವ ಸಾಲನ್ನು ಅಲ್ಲಿ ಓದಿದರೆ, ನಟಿ ತನಗೇ ಗೊತ್ತಿಲ್ಲದೆ ಮೈಕ್‌ಗೆ ಮಾತಾಡಿಬಿಡುತ್ತಾರೆ. ಸೌಂಡ್ ಎಂಜಿನಿಯರ್ ಅದರ ವಾಲ್ಯೂಮ್ ಏರಿಸಬಹುದು, ಗುಹೆಯ ಪ್ರತಿಧ್ವನಿ ಸೇರಿಸಬಹುದು, ಆದರೆ ಗಂಟಲಿನ ಬಿಗಿ ಸೇರಿಸಲು ಆಗುವುದಿಲ್ಲ. ಪರದೆಯ ಮೇಲೆ ಪಾತ್ರ ಹತ್ತು ಮೀಟರ್ ದೂರಕ್ಕೆ ಕೈ ಬೀಸಿ ಕೂಗುತ್ತಿರುತ್ತದೆ, ಕೇಳುವ ದನಿ ಮಾತ್ರ ಎದುರಿಗೆ ಕೂತವರ ಜೊತೆ ಹರಟುವ ದನಿ. ಆಡುವವರಿಗೆ ಏನು ತಪ್ಪು ಅಂತ ಹೇಳಲು ಬರುವುದಿಲ್ಲ, ‘ಡಬ್ಬಿಂಗ್ ಥರ ಇದೆ’ ಅಂದುಬಿಡುತ್ತಾರೆ. ಅವರು ಹೇಳುವುದು ಸರಿಯೇ.

ಒಂದು ಟೇಕ್ ನಡೆಯುವ ಬಗೆ

ಈಗ ಒಂದು ಟೇಕನ್ನು ಹಂತ ಹಂತವಾಗಿ ನೋಡೋಣ. ಸೆನುವಾ ಮಂಡಿಯೂರಿ ಕೂತು, ತಾನು ಹೊತ್ತು ತಂದಿರುವ, ಸತ್ತ ಪ್ರಿಯಕರ ದಿಲಿಯನ್‌ನ ತಲೆಬುರುಡೆಯ ಜೊತೆ ಮಾತಾಡುವ ಥರದ ದೃಶ್ಯ ಅಂದುಕೊಳ್ಳಿ. ಮೊದಲು ಪಿಸುಮಾತು, ಮಧ್ಯೆ ಅಳು, ಕೊನೆಗೆ ಕೂಗು.

ನಟಿ ಬಿಗಿಯಾದ ಸೂಟ್ ಹಾಕಿರುತ್ತಾರೆ. ಅದರ ಮೇಲೆ ಕೀಲುಗಳ ಹತ್ತಿರ ಹೊಳೆಯುವ ಸಣ್ಣ ಉಂಡೆಗಳು. ಇವೇ ಮಾರ್ಕರ್‌ಗಳು, ಇಡೀ ಮೈಗೆ ಸಾಮಾನ್ಯವಾಗಿ ಐವತ್ತರ ಆಸುಪಾಸು ಇರುತ್ತವೆ. ಸುತ್ತಲಿನ ಇನ್‌ಫ್ರಾರೆಡ್ ಕ್ಯಾಮೆರಾಗಳು ಈ ಉಂಡೆಗಳನ್ನು ಮಾತ್ರ ನೋಡುತ್ತವೆ, ಒಂದೇ ಉಂಡೆ ಕಡೇಪಕ್ಷ ಎರಡು ಕ್ಯಾಮೆರಾಗೆ ಕಂಡರೆ ಅದು ಕೋಣೆಯಲ್ಲಿ ಎಲ್ಲಿದೆ ಅಂತ ಲೆಕ್ಕ ಸಿಗುತ್ತದೆ. ಮಂಡಿಯೂರಿ ಮುಂದಕ್ಕೆ ಬಾಗಿದರೆ ಎದೆಯ ಮೇಲಿನ ಮಾರ್ಕರ್‌ಗಳು ಮರೆಯಾಗುತ್ತವೆ. ಉಸಿರಾಟ ಕಾಣಿಸುವುದು ಅಲ್ಲೇ ತಾನೇ? ಅದಕ್ಕೇ ಇಂಥ ದೃಶ್ಯಕ್ಕೆ ಕೆಲವು ಕ್ಯಾಮೆರಾಗಳನ್ನು ನೆಲದ ಮಟ್ಟಕ್ಕೆ ಇಳಿಸಬೇಕು.

ತಲೆಗೆ ಹೆಲ್ಮೆಟ್. ಅದರಿಂದ ಮುಂದೆ ಚಾಚಿದ ಒಂದು ಕಡ್ಡಿ, ಕಡ್ಡಿಯ ತುದಿಯಲ್ಲಿ ಮುಖವನ್ನೇ ನೋಡುವ ಸಣ್ಣ ಕ್ಯಾಮೆರಾ. ನಟಿ ಎಲ್ಲಿಗೆ ತಿರುಗಿದರೂ ಮುಖ ಚಿತ್ರದ ಮಧ್ಯದಲ್ಲೇ ಇರುತ್ತದೆ. ಆದರೆ ಈ ವಿಡಿಯೋವನ್ನು ನೇರವಾಗಿ ಸೆನುವಾಳ ಮುಖಕ್ಕೆ ಅಂಟಿಸುವುದಿಲ್ಲ. ಮುಂಚೆಯೇ ಸೆರ್ಬಿಯಾದ 3ಲ್ಯಾಟರಲ್ ಕಂಪನಿ ಯುರ್ಗೆನ್ಸ್ ಮುಖವನ್ನು ಬೇರೆ ಬೇರೆ ಭಾವಗಳಲ್ಲಿ ಸ್ಕ್ಯಾನ್ ಮಾಡಿ ಒಂದು ಡಿಜಿಟಲ್ ಮುಖ ಕಟ್ಟಿತ್ತು. ಹುಬ್ಬಿನ ಒಳತುದಿ ಏರಿಸುವುದು, ತುಟಿಯ ಅಂಚು ಎಳೆಯುವುದು, ಕೆಳರೆಪ್ಪೆ ಬಿಗಿಯುವುದು, ಹೀಗೆ ಒಂದೊಂದು ಸ್ನಾಯುವಿನ ಕೆಲಸವನ್ನು ಬಿಡಿಸಿ ನೋಡುವ ಈ ಪದ್ಧತಿಯನ್ನು ಪಾಲ್ ಎಕ್‌ಮನ್ ಮತ್ತು ವಾಲೆಸ್ ಫ್ರೀಸನ್ 1978ರಲ್ಲಿ ಮನಶ್ಶಾಸ್ತ್ರಕ್ಕಾಗಿ ಪ್ರಕಟಿಸಿದ್ದರು. ಬಹಳಷ್ಟು ಗೇಮ್‌ಗಳ ಮುಖಗಳು ಇವತ್ತಿಗೂ ಅದರ ಮೇಲೇ ನಡೆಯುತ್ತವೆ. ಹೆಲ್ಮೆಟ್ ಕ್ಯಾಮೆರಾದ ವಿಡಿಯೋದಲ್ಲಿ ಕಣ್ಣಿನ ಅಂಚು, ತುಟಿಯ ಅಂಚು ಫ್ರೇಮ್‌ನಿಂದ ಫ್ರೇಮ್‌ಗೆ ಎಷ್ಟು ಸರಿದಿದೆ ಅಂತ ಮ್ಯಾಂಚೆಸ್ಟರ್‌ನ ಕ್ಯೂಬಿಕ್ ಮೋಷನ್‌ನ ಸಾಫ್ಟ್‌ವೇರ್ ಗುರುತಿಸುತ್ತಿತ್ತು. ಅದರಿಂದ ಯಾವ ಸ್ನಾಯು ಎಷ್ಟು ಎಳೆದಿದೆ ಅನ್ನುವ ಅಂಕಿಗಳು ಬರುತ್ತವೆ. ಆ ಅಂಕಿಗಳೇ ಡಿಜಿಟಲ್ ಮುಖವನ್ನು ಕುಣಿಸುವುದು.

ಮೈಕ್ ಎಲ್ಲಿ? ಸಿನಿಮಾದ ಹಾಗೆ ಮೈಕ್ ಅಡಗಿಸುವ ಕಷ್ಟ ಇಲ್ಲಿ ಇಲ್ಲ, ಯಾಕೆಂದರೆ ನಟಿಯ ಚಿತ್ರವೇ ಆಟದಲ್ಲಿ ಬರುವುದಿಲ್ಲ. ಹೆಲ್ಮೆಟ್‌ನ ಕಡ್ಡಿಯಲ್ಲೇ ಒಂದು ಸಣ್ಣ ಮೈಕ್ ಕಟ್ಟಿದರೆ ಬಾಯಿಂದ ಅದರ ದೂರ ಯಾವತ್ತೂ ಬದಲಾಗುವುದಿಲ್ಲ. ಬಾಗಿದರೂ, ಉರುಳಿದರೂ, ತಿರುಗಿದರೂ ಅಷ್ಟೇ. ಜೊತೆಗೆ ಮೇಲಿಂದ ಒಂದು ಬೂಮ್ ಮೈಕನ್ನೂ ಹಿಡಿಯುವುದು ವಾಡಿಕೆ, ಕೂಗಿದ ಸಾಲಿಗೆ ಸ್ವಲ್ಪ ದೂರದ ಮೈಕ್‌ನ ದನಿಯೇ ಚೆನ್ನಾಗಿ ಕೂರುತ್ತದೆ. ಪಿಸುಮಾತಿಗೆ ಸರಿಹೊಂದಿಸಿದ ಮಟ್ಟದಲ್ಲೇ ಕೂಗಿದರೆ ರೆಕಾರ್ಡಿಂಗ್ ಸೀಳಿಹೋಗುತ್ತದೆ. ನಟನೆ ನಿಲ್ಲಿಸಿ ಮಟ್ಟ ಬದಲಿಸಲು ಆಗುವುದಿಲ್ಲವಲ್ಲ, ಹಾಗಾಗಿ ಒಂದು ಮೈಕ್‌ನ ದನಿಯನ್ನೇ ಎರಡು ಮಟ್ಟದಲ್ಲಿ, ಒಂದು ಜಾಸ್ತಿ ಒಂದು ಕಡಿಮೆ, ಒಟ್ಟಿಗೇ ಬರೆದುಕೊಳ್ಳುತ್ತಾರೆ.

ಟೇಕ್ ಶುರುವಾಗುವ ಮೊದಲು ನಟಿ ಎರಡು ಕೆಲಸ ಮಾಡಬೇಕು. ಕೈ ಚಾಚಿ ನೇರ ನಿಲ್ಲಬೇಕು, ಅದು ಮೈಯ ಅಳತೆಗೆ. ಮುಖದಲ್ಲಿ ಯಾವ ಭಾವವೂ ಇಲ್ಲದೆ ಒಂದೆರಡು ಸೆಕೆಂಡ್ ಸುಮ್ನೆ ಕ್ಯಾಮೆರಾ ನೋಡಬೇಕು, ಅದು ಮುಖದ ಸೊನ್ನೆ. ಆಮೇಲೆ ಒಂದು ಚಪ್ಪಾಳೆ, ಅದು ದನಿಯನ್ನೂ ಚಿತ್ರವನ್ನೂ ಹೊಂದಿಸುವ ಗುರುತು. ಟೇಕ್ ಮುಗಿದ ಮೇಲೂ ಇದೇ ಎರಡು ಕೆಲಸ, ಇನ್ನೊಂದು ಚಪ್ಪಾಳೆ. ಕೊನೆಯ ಚಪ್ಪಾಳೆಯನ್ನು ಬಹಳ ತಂಡಗಳು ಬಿಟ್ಟುಬಿಡುತ್ತವೆ. ಅತ್ತು ಕೂಗಿ ಮುಗಿಸಿದ ನಟಿಗೆ ಮತ್ತೆ ನೇರ ನಿಲ್ಲು ಅನ್ನಲು ಮನಸ್ಸು ಬರುವುದಿಲ್ಲ, ಅದು ಅರ್ಥವಾಗುತ್ತದೆ. ಆದರೂ ಬಿಡಬಾರದು.

ಸಮಯ ಜಾರುವುದು

ಯಾಕೆ ಬಿಡಬಾರದು ಅಂದರೆ, ಒಂದೇ ಟೇಕ್‌ನಲ್ಲಿ ಕಡೇಪಕ್ಷ ಮೂರು ಯಂತ್ರಗಳು ಬೇರೆ ಬೇರೆಯಾಗಿ ಬರೆದುಕೊಳ್ಳುತ್ತಿರುತ್ತವೆ: ಮೈಯ ಮಾರ್ಕರ್‌ಗಳದ್ದು ಒಂದು, ಮುಖದ ವಿಡಿಯೋ ಒಂದು, ಆಡಿಯೋ ರೆಕಾರ್ಡರ್ ಒಂದು. ಮೂರಕ್ಕೂ ಒಂದೇ ಟೈಮ್‌ಕೋಡ್, ಅಂದರೆ ಪ್ರತಿ ಫ್ರೇಮಿನ ಹೊತ್ತನ್ನು ಗುರುತಿಸುವ ಗಡಿಯಾರ, ಕೊಟ್ಟು ಶುರು ಮಾಡುತ್ತಾರೆ. ಶುರುವಿನಲ್ಲಿ ಎಲ್ಲ ಒಂದೇ ಗಂಟೆ ತೋರಿಸುತ್ತವೆ. ಆದರೆ ಒಂದು ಯಂತ್ರವನ್ನು ಸೆಕೆಂಡಿಗೆ 30 ಫ್ರೇಮ್ ಅಂತ, ಇನ್ನೊಂದನ್ನು 29.97 ಅಂತ ಯಾರೋ ಇಟ್ಟಿದ್ದರೆ? ಎರಡರ ವ್ಯತ್ಯಾಸ ಸಾವಿರಕ್ಕೆ ಒಂದು. ಕೇಳಲು ಏನೂ ಅಲ್ಲ ಅನಿಸುತ್ತದೆ.

ಲೆಕ್ಕ ಹಾಕಿ ನೋಡಿ. ಸಾವಿರಕ್ಕೆ ಒಂದು ಅಂದರೆ 45 ಸೆಕೆಂಡಿಗೆ 45 ಮಿಲಿಸೆಕೆಂಡ್, ಎರಡು ನಿಮಿಷಕ್ಕೆ 120 ಮಿಲಿಸೆಕೆಂಡ್. ಪ್ರಸಾರ ಕ್ಷೇತ್ರಕ್ಕೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಇಟ್ಟಿರುವ ಮಿತಿ ಹೀಗಿದೆ: ದನಿ ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡ್ ಮೊದಲು ಬಂದರೆ ಜನರಿಗೆ ಗೊತ್ತಾಗಲು ಶುರುವಾಗುತ್ತದೆ, ತಡವಾಗಿ ಬಂದರೆ ಸುಮಾರು 125 ಮಿಲಿಸೆಕೆಂಡ್‌ವರೆಗೆ ಗೊತ್ತಾಗುವುದಿಲ್ಲ. ಇದು ಸಹಜವೇ, ದೂರದಿಂದ ಬರುವ ಶಬ್ದ ಯಾವಾಗಲೂ ತಡವಾಗಿಯೇ ಕೇಳುವುದರಿಂದ ತಡವನ್ನು ನಾವು ಒಪ್ಪಿಕೊಳ್ಳುತ್ತೇವೆ. ಮೊದಲೇ ಬರುವ ಶಬ್ದ ನಿಜ ಜಗತ್ತಿನಲ್ಲಿ ಇಲ್ಲವೇ ಇಲ್ಲ. ಹಾಗಾಗಿ ದನಿ ಮುಂದಕ್ಕೆ ಜಾರುತ್ತಿದ್ದರೆ ನಮ್ಮ ಎರಡು ನಿಮಿಷದ ದೃಶ್ಯದಲ್ಲಿ ಪಿಸುಮಾತಿನ ಭಾಗ ಸರಿಯಿರುತ್ತದೆ, ಅಳುವಿನ ಹೊತ್ತಿಗೆ ಏನೋ ಸರಿಯಿಲ್ಲ ಅನಿಸುತ್ತದೆ, ಕೂಗುವಾಗ ತುಟಿ ಪೂರ್ತಿ ಹಿಂದೆ ಬಿದ್ದಿರುತ್ತದೆ.

ಇಲ್ಲಿಯೇ ಎರಡನೇ ಚಪ್ಪಾಳೆ ಕೆಲಸಕ್ಕೆ ಬರುವುದು. ಮೊದಲ ಚಪ್ಪಾಳೆ ಮತ್ತು ಕೊನೆಯ ಚಪ್ಪಾಳೆ ಎರಡೂ ಒಂದೇ ಅಳತೆಯಲ್ಲಿ ತಪ್ಪಿದ್ದರೆ, ದನಿಯನ್ನು ಅಷ್ಟು ಸರಿಸಿದರೆ ಮುಗಿಯಿತು. ಮೊದಲನೆಯದು ಸರಿಯಿದ್ದು ಕೊನೆಯದು ತಪ್ಪಿದ್ದರೆ ಯಂತ್ರಗಳ ವೇಗವೇ ಬೇರೆ ಇದೆ ಅಂತ ಅರ್ಥ, ಸರಿಸಿ ಪ್ರಯೋಜನವಿಲ್ಲ, ವೇಗವನ್ನೇ ತಿದ್ದಬೇಕು. ಒಂದೇ ಚಪ್ಪಾಳೆ ಇದ್ದರೆ ಈ ಎರಡರಲ್ಲಿ ಯಾವುದು ಅಂತ ತಿಳಿಯುವ ದಾರಿಯೇ ಇಲ್ಲ. ಆಗ ಆನಿಮೇಟರ್ ಒಬ್ಬರು ಕೂತು ಸಾಲು ಸಾಲಾಗಿ ತುಟಿಯನ್ನು ಕೈಯಲ್ಲಿ ಸರಿಸುತ್ತ ಹೋಗುತ್ತಾರೆ, ಅವರು ತಿದ್ದುತ್ತಿರುವುದು ನಟನೆಯ ತಪ್ಪನ್ನೂ ಅಲ್ಲ.

ಮುಖದ ಸೊನ್ನೆಗೂ ಇಂಥದ್ದೇ ಕಾರಣ. ಮಂಡಿಯೂರಿ ಅಳುವಾಗ, ತಲೆ ಜೋರಾಗಿ ಅಲ್ಲಾಡಿಸುವಾಗ ಹೆಲ್ಮೆಟ್ ಒಂದೆರಡು ಮಿಲಿಮೀಟರ್ ಜಾರುತ್ತದೆ. ಕ್ಯಾಮೆರಾ ಕೆಳಗಿಳಿದರೆ ಚಿತ್ರದಲ್ಲಿ ಹುಬ್ಬು ಮೇಲೇರಿದ ಹಾಗೆ ಕಾಣುತ್ತದೆ. ಸಾಫ್ಟ್‌ವೇರ್‌ಗೆ ಅದು ಆಶ್ಚರ್ಯದ ಭಾವ. ನಟಿ ಅಳುತ್ತಿರುತ್ತಾರೆ, ಸೆನುವಾ ಬೆರಗಾಗಿ ಅಳುತ್ತಿರುತ್ತಾಳೆ. ಕೊನೆಯ ಸೊನ್ನೆ ಮುಖವನ್ನು ಮೊದಲಿನದರ ಪಕ್ಕ ಇಟ್ಟು ನೋಡಿದರೆ ಎಷ್ಟು ಜಾರಿದೆ ಅಂತ ಕೂಡಲೇ ಗೊತ್ತಾಗುತ್ತದೆ. ಮೂಗಿನ ಸೇತುವೆ ಮಾತಾಡುವಾಗ ಹೆಚ್ಚು ಅಲ್ಲಾಡದ ಜಾಗ. ಅದು ಚಿತ್ರದಲ್ಲಿ ಸರಿದಿದ್ದರೆ ಸರಿದಿದ್ದು ಹೆಲ್ಮೆಟ್ಟೇ.

ದನಿ ಕೆಟ್ಟರೆ

ಮೀಟಿಂಗ್ ರೂಮ್ ಅಂದರೆ ರೆಕಾರ್ಡಿಂಗ್ ಬೂತ್ ಅಲ್ಲ. ಗೋಡೆಯಿಂದ ದನಿ ವಾಪಸ್ ಬರುತ್ತದೆ, ಕಂಪ್ಯೂಟರ್ ಫ್ಯಾನ್‌ಗಳಿರುತ್ತವೆ. ಸೂಟ್‌ನ ವೆಲ್‌ಕ್ರೋ ಕರಕರ ಅನ್ನುತ್ತದೆ, ಮಂಡಿ ನೆಲಕ್ಕೆ ಬಡಿದ ಸದ್ದು ಸರಿಯಾಗಿ ಒಂದು ಪದದ ಮೇಲೇ ಬೀಳುತ್ತದೆ. ಒಳ್ಳೆಯ ನಟನೆಯ ಟೇಕ್‌ನಲ್ಲಿ ಹೀಗಾದರೆ ಏನು ಮಾಡುವುದು?

ನನ್ನ ಪ್ರಕಾರ ಮೊದಲು ಮಾಡಬೇಕಾದ್ದು, ಬೇರೆ ಟೇಕ್‌ನ ಅದೇ ಪದವನ್ನು ಹುಡುಕುವುದು. ಅದೇ ನಟಿ, ಅದೇ ಮಂಡಿಯೂರಿದ ಮೈ, ಅದೇ ಮೈಕ್, ಅದೇ ಕೋಣೆ. ಒಂದೆರಡು ಪದ ಅಲ್ಲಿಂದ ತಂದು ಹಾಕಿದರೆ ತುಟಿ ಬಹುತೇಕ ಹೊಂದುತ್ತದೆ, ಉಳಿದದ್ದನ್ನು ಆನಿಮೇಟರ್ ಸರಿ ಮಾಡುತ್ತಾರೆ. ಅದು ಆಗದಿದ್ದರೆ ಡಬ್ಬಿಂಗ್. ಆದರೆ ಡಬ್ಬಿಂಗ್ ಮಾಡುವಾಗಲೂ ನಟಿಯನ್ನು ಕುರ್ಚಿಯಲ್ಲಿ ಕೂರಿಸದೆ ಮಂಡಿಯೂರಿಸಬೇಕು, ಬಾಗಿಸಬೇಕು. ಹೊಟ್ಟೆ ಮಡಿಚಿಕೊಂಡಾಗ ಬರುವ ದನಿ ಬೇರೆಯೇ, ಉಸಿರು ಅರ್ಧಕ್ಕೇ ನಿಲ್ಲುತ್ತದೆ. ಸಾಧ್ಯವಾದರೆ ಹೆಲ್ಮೆಟ್ ಕ್ಯಾಮೆರಾವನ್ನೂ ಹಾಕಿಸಬೇಕು, ಹೊಸ ಮಾತಿಗೆ ಹೊಸ ತುಟಿ ಸಿಗುತ್ತದೆ. ಮೈ ಮಾತ್ರ ಹಳೆಯದು.

ಹೊಡೆತ ತಿಂದಾಗಿನ ಕೂಗು, ಕತ್ತಿ ಬೀಸುವಾಗಿನ ಉಸಿರು, ಬಿದ್ದಾಗಿನ ನರಳಾಟ, ಇವನ್ನು ಮಾತ್ರ ಸಾಮಾನ್ಯವಾಗಿ ಬೇರೆಯಾಗಿಯೇ ರೆಕಾರ್ಡ್ ಮಾಡುತ್ತಾರೆ. ಆಟದಲ್ಲಿ ಯಾವ ಹೊಡೆತ ಯಾವಾಗ ಬೀಳುತ್ತದೆ ಅಂತ ಮೊದಲೇ ಹೇಳಲು ಬರುವುದಿಲ್ಲ, ಹಾಗಾಗಿ ಒಂದೊಂದಕ್ಕೂ ಹತ್ತಾರು ಬಗೆ ಬೇಕು, ಇಲ್ಲದಿದ್ದರೆ ಅದೇ ಕೂಗು ಮತ್ತೆ ಮತ್ತೆ ಕೇಳಿ ಪಾತ್ರ ಯಂತ್ರವಾಗುತ್ತದೆ. ಇದನ್ನು ದಿನದ ಕೊನೆಗೆ ಇಡಬೇಕು. ಬೆಳಿಗ್ಗೆಯೇ ಕೂಗಿಸಿದರೆ ಮಧ್ಯಾಹ್ನದ ಪಿಸುಮಾತಿಗೆ ಗಂಟಲು ಉಳಿದಿರುವುದಿಲ್ಲ.

ಕಟ್ ಇಲ್ಲದ ಕ್ಯಾಮೆರಾ

ಹೆಲ್‌ಬ್ಲೇಡ್‌ನಲ್ಲಿ ಇನ್ನೊಂದು ತೊಡಕಿತ್ತು. ದೃಶ್ಯ ಮುಗಿದು ಆಟ ಶುರುವಾಗುವಾಗ ಕ್ಯಾಮೆರಾ ಕಟ್ ಆಗುವುದಿಲ್ಲ. ಒಂದೇ ಶಾಟ್‌ನ ಹಾಗೆ ಸಾಗುತ್ತದೆ, ಕ್ಯಾಮೆರಾ ಸೆನುವಾಳ ಹಿಂದೆ ಬಂದು ನಿಂತರೆ ಈಗ ನಿಮ್ಮ ಸರದಿ ಅಂತ ಅರ್ಥ. ಸಾಮಾನ್ಯ ಗೇಮ್‌ಗಳಲ್ಲಿ ಕಟ್ ಅನ್ನುವುದು ಎಷ್ಟೋ ತಪ್ಪುಗಳನ್ನು ಮುಚ್ಚುತ್ತದೆ. ನಟಿ ದೃಶ್ಯದ ಕೊನೆಗೆ ಎಡಗಾಲು ಮುಂದಿಟ್ಟು ನಿಂತಿದ್ದರೂ, ಆಟದ ಪಾತ್ರ ಬಲಗಾಲು ಮುಂದಿಟ್ಟು ನಿಲ್ಲುವುದಾದರೂ, ಮಧ್ಯೆ ಕಟ್ ಇದ್ದರೆ ಯಾರೂ ಗಮನಿಸುವುದಿಲ್ಲ. ಇಲ್ಲಿ ಹಾಗಿಲ್ಲ. ದೃಶ್ಯದ ಕೊನೆಯ ನಿಲುವು ಮತ್ತು ಆಟದ ಮೊದಲ ನಿಲುವು ಹೊಂದಲೇಬೇಕು. ಅಳು, ಕೂಗು ಎಲ್ಲ ಮುಗಿದ ಮೇಲೆ ನಟಿ ಸರಿಯಾಗಿ ಅದೇ ಕಾಲು ಮುಂದಿಟ್ಟು, ಅದೇ ಎತ್ತರಕ್ಕೆ ಕತ್ತಿ ಹಿಡಿದು ನಿಲ್ಲಬೇಕು.

ಮೈಯನ್ನು ಹೀಗೆ ಹೊಂದಿಸಬಹುದು. ಉಸಿರನ್ನು? ದೃಶ್ಯದಲ್ಲಿ ಏದುಸಿರು ಬಿಡುತ್ತಿದ್ದವಳು ಆಟ ಶುರುವಾದ ಕೂಡಲೇ ತಣ್ಣಗೆ ನಿಂತರೆ ಶಾಟ್ ಒಂದೇ ಆಗಿದ್ದರೂ ಆಡುವವರಿಗೆ ಕಟ್ ಆದ ಹಾಗೇ. ಅದಕ್ಕೆ ನಟಿಯನ್ನು ದೃಶ್ಯದ ಕೊನೆಯ ನಿಲುವಿನಲ್ಲೇ ಸ್ವಲ್ಪ ಹೊತ್ತು ನಿಲ್ಲಿಸಿ, ಏದುಸಿರು ನಿಧಾನವಾಗಿ ಇಳಿಯುವುದನ್ನು ಮೈ ಮತ್ತು ದನಿ ಎರಡರಲ್ಲೂ ರೆಕಾರ್ಡ್ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಆಟದಲ್ಲಿ ನಿಂತ ಭಂಗಿಯ ಮೇಲೆ ಈ ಉಸಿರನ್ನು ಹಾಸಬಹುದು. ಟೇಕ್‌ನಲ್ಲಿ ‘ಕಟ್’ ಅಂತ ಬೇಗ ಕೂಗುವ ನಿರ್ದೇಶಕರಿಗೆ ಈ ವಸ್ತು ಸಿಗುವುದೇ ಇಲ್ಲ.

ಮೈ ಇಲ್ಲದ ದನಿಗಳು

ಈಗ ಇನ್ನೊಂದು ಕಡೆಗೆ ಬರೋಣ. ಸೆನುವಾಳ ತಲೆಯೊಳಗಿನ ದನಿಗಳನ್ನು ಗೇಮ್‌ನಲ್ಲಿ ಫ್ಯೂರಿಗಳು ಅನ್ನುತ್ತಾರೆ. ಮಾತಾಡಿದವರು ಹೆಲೆನ್ ಗೋಲನ್ ಮತ್ತು ಆಬಿ ಗ್ರೀನ್‌ಲ್ಯಾಂಡ್. ಇವರಿಗೆ ಸೂಟ್ ಇಲ್ಲ, ಹೆಲ್ಮೆಟ್ ಇಲ್ಲ. ಕೋಣೆಯ ಮಧ್ಯೆ ಎರಡು ಕಿವಿಗಳಿರುವ ಮೈಕ್, ಅಂದರೆ ಬೈನಾರಲ್ ಮೈಕ್. ಅದರ ಸುತ್ತ ಓಡಾಡುತ್ತ, ಹತ್ತಿರ ಬಂದು ಪಿಸುಗುಡುತ್ತ, ದೂರ ಸರಿಯುತ್ತ ಅವರು ಮಾತಾಡಿದರು.

ಇದು ಕೆಲಸ ಮಾಡುವ ಬಗೆ ಸರಳ. ಎಡಗಡೆಯಿಂದ ಬಂದ ಶಬ್ದ ಎಡಗಿವಿಗೆ ಮೊದಲು ತಲುಪುತ್ತದೆ, ಬಲಗಿವಿಗೆ ತಡವಾಗಿ. ಆ ವ್ಯತ್ಯಾಸ ಎಷ್ಟೇ ಹೆಚ್ಚೆಂದರೂ ಒಂದು ಮಿಲಿಸೆಕೆಂಡಿಗಿಂತ ಕಡಿಮೆ, ಸುಮಾರು 0.6ರಿಂದ 0.7. ಮಿದುಳಿಗೆ ಅಷ್ಟು ಸಾಕು. ಇನ್ನು ಮುಂದೆಯೋ ಹಿಂದೆಯೋ ಅನ್ನುವುದನ್ನು ಕಿವಿಯ ಹೊರಗಿನ ಮಡಿಕೆಗಳು ಶಬ್ದವನ್ನು ಬದಲಿಸುವ ರೀತಿಯಿಂದ ತಿಳಿಯುತ್ತೇವೆ. ಬೈನಾರಲ್ ಮೈಕ್‌ನ ಕಿವಿಗಳು ಇದೆಲ್ಲವನ್ನೂ ರೆಕಾರ್ಡಿಂಗ್‌ನಲ್ಲೇ ಬರೆದುಬಿಡುತ್ತವೆ. ಹೆಡ್‌ಫೋನ್‌ನಲ್ಲಿ ಎಡಗಿವಿಯದು ಎಡಗಿವಿಗೆ, ಬಲಗಿವಿಯದು ಬಲಗಿವಿಗೆ ಹೋದರೆ ಮಾತ್ರ ಇದು ನಿಲ್ಲುತ್ತದೆ. ಸ್ಪೀಕರ್‌ನಲ್ಲಿ ಎರಡೂ ದನಿ ಎರಡೂ ಕಿವಿಗೆ ಕೇಳಿ ಎಲ್ಲ ಕಲಸಿಹೋಗುತ್ತದೆ. ಆಟ ಶುರುವಿನಲ್ಲೇ ಹೆಡ್‌ಫೋನ್ ಹಾಕಿಕೊಳ್ಳಿ ಅಂತ ಹೇಳುವುದು ಇದಕ್ಕೇ.

ಬೈನಾರಲ್ ರೆಕಾರ್ಡಿಂಗ್‌ಗೆ ಒಂದು ದೊಡ್ಡ ಮಿತಿ ಇದೆ. ದಿಕ್ಕು ಒಮ್ಮೆ ರೆಕಾರ್ಡ್ ಆದರೆ ಆಯಿತು, ಆಮೇಲೆ ತಿರುಗಿಸಲು ಬರುವುದಿಲ್ಲ. ಆಡುವವರು ಕ್ಯಾಮೆರಾವನ್ನು ಬಲಕ್ಕೆ ತಿರುಗಿಸಿದರೆ, ಎದುರು ನಿಂತ ಶತ್ರುವಿನ ದನಿ ಎಡಕ್ಕೆ ಹೋಗಬೇಕು. ಬೈನಾರಲ್ ಆಗಿ ರೆಕಾರ್ಡ್ ಮಾಡಿದ್ದರೆ ಅದು ಎದುರಿಗೇ ಉಳಿಯುತ್ತದೆ, ಶತ್ರು ಒಂದು ಕಡೆ ದನಿ ಒಂದು ಕಡೆ. ಅದಕ್ಕೇ ಜಗತ್ತಿನಲ್ಲಿ ಜಾಗ ಇರುವ ದನಿಗಳನ್ನು ಮಾಮೂಲಿ ಮೈಕ್‌ನಲ್ಲಿ ಹಿಡಿದು, ದಿಕ್ಕನ್ನು ಆಟ ನಡೆಸುವ ತಂತ್ರಾಂಶವಾದ ಎಂಜಿನ್ ಲೆಕ್ಕ ಹಾಕಿ ಕೊಡುವ ಹಾಗೆ ಬಿಡಬೇಕು.

ಆದರೆ ಫ್ಯೂರಿಗಳು ಜಗತ್ತಿನಲ್ಲಿ ಎಲ್ಲೂ ನಿಂತಿಲ್ಲ. ಅವು ತಲೆಯ ಒಳಗಿವೆ. ಸೆನುವಾ ಎಲ್ಲಿಗೆ ತಿರುಗಿದರೂ ಎಡಗಿವಿಯ ದನಿ ಎಡಗಿವಿಯಲ್ಲೇ ಇರಬೇಕು, ಜೊತೆಗೇ ತಿರುಗಬೇಕು. ಬೈನಾರಲ್‌ನ ಮಿತಿಯೇ ಇಲ್ಲಿ ಪಾತ್ರಕ್ಕೆ ಬೇಕಾಗಿದ್ದ ಗುಣ. ತಿರುಗಿ ನೋಡಿದರೂ ತಪ್ಪಿಸಿಕೊಳ್ಳಲು ಆಗದ ದನಿ! ಈ ಹೊಂದಾಣಿಕೆಯನ್ನು ನಾನು ತುಂಬಾ ಮೆಚ್ಚುತ್ತೇನೆ. ಇನ್ನೂ ಒಂದು ಲಾಭ ಇದೆ. ಈ ದನಿಗಳಿಗೆ ತುಟಿ ಇಲ್ಲವಾದ್ದರಿಂದ ಕೊನೆಯವರೆಗೂ ಸಾಲು ಬದಲಿಸಬಹುದು, ಸೇರಿಸಬಹುದು, ತೆಗೆಯಬಹುದು. ಕಾಳಗದಲ್ಲಿ ಹಿಂದಿನಿಂದ ಯಾರೋ ಬರುತ್ತಿದ್ದಾರೆ ಅಂತ ಎಚ್ಚರಿಸುವುದು ಇವೇ. ಪರದೆಯ ಮೇಲೆ ಯಾವ ಗುರುತೂ, ಪಟ್ಟಿಯೂ ಇಲ್ಲದ ಈ ಗೇಮ್‌ನಲ್ಲಿ ಅದು ಬರೀ ಅಲಂಕಾರ ಅಲ್ಲ.

ಸೆನುವಾಳಿಗೆ ಈ ದನಿಗಳು ಕೇಳುತ್ತಿವೆ ಅಂತ ನಮಗೆ ನಂಬಿಕೆ ಬರಬೇಕಾದರೆ ಅವಳ ಕಣ್ಣು ಅದಕ್ಕೆ ಸ್ಪಂದಿಸಬೇಕು. ಎರಡು ಬೇರೆ ರೆಕಾರ್ಡಿಂಗ್‌ಗಳು ಒಂದನ್ನೊಂದು ಮುಟ್ಟುವುದು ಇಲ್ಲಿ. ಹೀಗೆ ಮಾಡುವವರಿಗೆ ನಾನು ಹೇಳುವುದು ಇಷ್ಟು: ಪಿಸುಮಾತುಗಳ ಕಚ್ಚಾ ಟ್ರ್ಯಾಕ್ ಮೊದಲೇ ತಯಾರಿದ್ದರೆ ಟೇಕ್ ಹೊತ್ತಿನಲ್ಲಿ ನಟಿಗೆ ಇಯರ್‌ಪೀಸ್‌ನಲ್ಲಿ ಕೇಳಿಸಿ. ಇಲ್ಲದಿದ್ದರೆ ಯಾರಾದರೂ ಪಕ್ಕದಲ್ಲಿ ನಿಂತು ಹೇಳಲಿ, ಆಗ ಅವರ ದನಿ ಹೆಲ್ಮೆಟ್ ಮೈಕ್‌ಗೆ ಬೀಳದಷ್ಟು ದೂರ ಇರಲಿ. ನಟಿಯ ಮಾತಿನ ಮೇಲೆ ಇನ್ನೊಬ್ಬರ ದನಿ ಬಿದ್ದರೆ ಆಮೇಲೆ ಬಿಡಿಸುವುದು ಬಹಳ ಕಷ್ಟ.

ಇನ್ನು ದಿಲಿಯನ್, ಸೆನುವಾಳಿಗೆ ಕಥೆ ಹೇಳುವ ದ್ರೂತ್ ಥರದ ಪಾತ್ರಗಳು. ಅವರಿಗೆ ಮುಖ ಇದೆ, ಆದರೆ ಡಿಜಿಟಲ್ ಮುಖ ಅಲ್ಲ. ನಟರನ್ನು ಮಾಮೂಲಿ ವಿಡಿಯೋದಲ್ಲಿ ಚಿತ್ರಿಸಿ, ಆ ವಿಡಿಯೋವನ್ನೇ ನೆನಪಿನಂತೆ, ಭ್ರಮೆಯಂತೆ ಆಟದ ಜಗತ್ತಿನೊಳಗೆ ಬೆರೆಸಿದರು. ಮುಖ ಸ್ಕ್ಯಾನ್ ಮಾಡಿ, ಡಿಜಿಟಲ್ ಮುಖ ಕಟ್ಟಿ, ಅದನ್ನು ಕುಣಿಸುವ ಕೆಲಸವೆಲ್ಲ ಒಂದೇ ಪಾತ್ರಕ್ಕೆ ಮೀಸಲಾಯಿತು. ಸೆನುವಾ ನೋಡುವುದು ನಿಜವೋ ಅಲ್ಲವೋ ಅನ್ನುವ ಕಥೆಗೆ ಅದು ಹೊಂದಿಕೊಂಡಿತು ಕೂಡ. ಬೇರೆ ಥರದ ಕಥೆಯಲ್ಲಿ ಈ ಉಪಾಯ ನಡೆಯುತ್ತಿರಲಿಲ್ಲ. ಇಬ್ಬರು ಮನುಷ್ಯರು ಎದುರುಬದುರು ನಿಂತು ಒಬ್ಬರನ್ನೊಬ್ಬರು ಮುಟ್ಟಿ ಮಾತಾಡುವ ಗೇಮ್ ಆಗಿದ್ದರೆ ಇಬ್ಬರನ್ನೂ ಒಂದೇ ಹೊತ್ತಿಗೆ ಹಿಡಿಯಬೇಕಿತ್ತು, ಆಗ ಮಾರ್ಕರ್ ಮರೆಯಾಗುವುದೂ, ಒಬ್ಬರ ದನಿ ಇನ್ನೊಬ್ಬರ ಮೈಕ್‌ಗೆ ಬೀಳುವುದೂ, ಅಪ್ಪಿಕೊಂಡಾಗ ಹೆಲ್ಮೆಟ್ ಕಡ್ಡಿಗಳು ತಾಗುವುದೂ ಸೇರಿಕೊಳ್ಳುತ್ತಿದ್ದವು.

ಆಮೇಲೆ

ಗೇಮ್ ಬರುವ ಮೊದಲೇ, 2016ರ ಮಾರ್ಚ್‌ನಲ್ಲಿ, ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಯುರ್ಗೆನ್ಸ್ ನಟಿಸುತ್ತಿದ್ದಂತೆ ಸೆನುವಾ ಅನ್‌ರಿಯಲ್ ಎಂಜಿನ್‌ನಲ್ಲಿ ಅದೇ ಕ್ಷಣ ಪರದೆಯ ಮೇಲೆ ಮಾತಾಡಿದಳು. ಅಲ್ಲಿ ಮೈಗೆ ಕ್ಯಾಮೆರಾ ಬೇಡದ, ಸೂಟ್‌ನೊಳಗೇ ಸೆನ್ಸರ್ ಇರುವ ಎಕ್ಸ್‌ಸೆನ್ಸ್ ಸೂಟ್ ಬಳಸಿದ್ದರು. ನಿರ್ದೇಶಕರಿಗೆ ಇದರ ಉಪಯೋಗ ಏನು ಅಂದರೆ, ನಟಿ ಇನ್ನೂ ಸೂಟ್‌ನಲ್ಲಿರುವಾಗಲೇ ತುಟಿ, ಹುಬ್ಬು, ಉಸಿರು ಪಾತ್ರದ ಮೇಲೆ ಹೇಗೆ ಕೂತಿದೆ ಅಂತ ನೋಡಬಹುದು. ಹುಬ್ಬು ಜಾರಿದ್ದು ಆ ಹೊತ್ತಿಗೇ ಕಂಡರೆ ಹೆಲ್ಮೆಟ್ ಬಿಗಿಮಾಡಿ ಮತ್ತೊಂದು ಟೇಕ್ ತೆಗೆಯಬಹುದು, ಎರಡು ತಿಂಗಳ ಮೇಲೆ ಕಂಡರೆ ಕೈಯಲ್ಲಿ ತಿದ್ದಬೇಕು.

3ಲ್ಯಾಟರಲ್ ಅನ್ನು 2019ರಲ್ಲಿ, ಕ್ಯೂಬಿಕ್ ಮೋಷನ್ ಅನ್ನು 2020ರಲ್ಲಿ, ಅನ್‌ರಿಯಲ್ ಎಂಜಿನ್ ಮಾಡುವ ಎಪಿಕ್ ಗೇಮ್ಸ್ ಕೊಂಡಿತು. 2023ರ ಕಾನ್ಫರೆನ್ಸ್‌ನಲ್ಲಿ ಎಪಿಕ್, ನಟರ ಮುಖದ ವಿಡಿಯೋದಿಂದ ಡಿಜಿಟಲ್ ಮುಖ ಕುಣಿಸುವ ತನ್ನ ಮೆಟಾಹ್ಯೂಮನ್ ಆನಿಮೇಟರ್ ತೋರಿಸಿದಾಗ ವೇದಿಕೆಯ ಮೇಲೆ ನಟಿಸಿದ್ದು ಮತ್ತೆ ಯುರ್ಗೆನ್ಸ್ ಅವರೇ, ಈ ಸಲ ಒಂದು ಐಫೋನ್ ಮುಂದೆ. ಮುಖ ಹಿಡಿಯುವ ಕೆಲಸ ಈಗ ಸಣ್ಣ ತಂಡಗಳ ಕೈಗೂ ಎಟುಕುತ್ತದೆ. ಆದರೆ ಸ್ಟ್ಯಾಂಡ್ ಮೇಲಿಟ್ಟ ಫೋನ್ ಮುಂದೆ ನಟಿಸುವವರು ಅದರ ಎದುರಿಗೇ ನಿಲ್ಲಬೇಕು, ಮಂಡಿಯೂರಿ ಬಾಗಿದರೆ ಮುಖ ಚಿತ್ರದಿಂದ ಆಚೆ ಹೋಗುತ್ತದೆ. ಆಗ ಜನ ಮುಖ ಮತ್ತು ದನಿಯನ್ನು ಫೋನ್‌ನಲ್ಲಿ ಒಂದು ದಿನ, ಮೈಯನ್ನು ಸೂಟ್‌ನಲ್ಲಿ ಇನ್ನೊಂದು ದಿನ ಹಿಡಿಯಲು ಶುರು ಮಾಡುತ್ತಾರೆ, ಕುತ್ತಿಗೆಯ ಹತ್ತಿರ ಅದೇ ಹಳೆಯ ಬಿರುಕು ಮತ್ತೆ ಬರುತ್ತದೆ. ಹಾಗೆ ಮಾಡಲೇಬೇಕಾದರೆ ಮೊದಲು ಮೈಯನ್ನು ಮಾತಿನ ಸಮೇತ ಹಿಡಿಯಿರಿ, ಕೋಣೆ ಎಷ್ಟೇ ಗದ್ದಲ ಇರಲಿ. ಆ ದನಿಯನ್ನು ಕಿವಿಗೆ ಹಾಕಿಕೊಂಡು, ಅದೇ ಉಸಿರಿನ ಲಯದಲ್ಲಿ ಮುಖವನ್ನು ಆಮೇಲೆ ಹಿಡಿಯಿರಿ. ತುಟಿಯನ್ನು ಉಸಿರಿಗೆ ಹೊಂದಿಸಬಹುದು. ಫೋನ್ ಮುಂದೆ ಆರಾಮಾಗಿ ನಿಂತು ಹೇಳಿದ ಮಾತಿಗೆ, ಆಮೇಲೆ ಮಂಡಿಯೂರಿ ಉಸಿರನ್ನು ಹೊಂದಿಸಲು ಆಗುವುದಿಲ್ಲ.